ಓನರ್ ಕಾಲಂನಲ್ಲಿ "ಟೀಮ್" ಅಂತ ಬರೆಯೋದು ಸಾಕು

ನಮ್ಮ ಕ್ಯಾಂಪಸ್‌ನ ಯಾವುದಾದರೂ ಮಿನಿ ಪ್ರಾಜೆಕ್ಟ್ ರಿಪೋರ್ಟ್ ತೆಗೆದು ನೋಡಿ. ಕೊನೆಯ ಪುಟಗಳಲ್ಲೆಲ್ಲೋ ಒಂದು ರಿಸ್ಕ್ ರಿಜಿಸ್ಟರ್ ಇರುತ್ತೆ. ಮೊದಲ ಸಾಲು: "ಡೇಟಾ ಲಾಸ್". ಪ್ರಾಬಬಿಲಿಟಿ: ಮೀಡಿಯಂ. ಇಂಪ್ಯಾಕ್ಟ್: ಹೈ. ಓನರ್: ಟೀಮ್. ರೆಸ್ಪಾನ್ಸ್: ಬ್ಯಾಕಪ್. ಹೋದ ವರ್ಷದ ರಿಪೋರ್ಟಿನಲ್ಲೂ ಇದೇ ಸಾಲು, ಅದರ ಹಿಂದಿನ ವರ್ಷದ್ದರಲ್ಲೂ ಇದೇ. ಲೈಬ್ರರಿ ಸಾಫ್ಟ್‌ವೇರ್‌ಗೂ ಒಂದೇ, ಡ್ರೋನ್‌ಗೂ ಒಂದೇ.

ಈ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಓದಿದ ಮೇಲೆ ಸೋಮವಾರ ಬೆಳಗ್ಗೆ ಯಾರು ಏನು ಮಾಡಬೇಕು ಅಂತ ಯಾರಿಗೂ ಗೊತ್ತಾಗಲ್ಲ. ನನ್ನ ಪ್ರಕಾರ ರಿಸ್ಕ್ ರಿಜಿಸ್ಟರ್‌ನ ಒಂದು ಸಾಲು ಅಂದರೆ ಒಂದು ಮಾತು ಕೊಟ್ಟ ಹಾಗೆ: ಈ ಗುರುತು ಕಂಡರೆ, ಈ ವ್ಯಕ್ತಿ, ಈ ದಿನದೊಳಗೆ, ಇದನ್ನು ಮಾಡ್ತಾರೆ. ಅಷ್ಟು ಇಲ್ಲದಿದ್ದರೆ ಅದು ಬರೀ ಭಯದ ಪಟ್ಟಿ.

ಇದನ್ನ ಕಂಪನಿ ಉದಾಹರಣೆ ಬಿಟ್ಟು ನಮ್ಮ ಕಡೆಯದೇ ಒಂದು ಮೈಗ್ರೇಷನ್ ಇಟ್ಟುಕೊಂಡು ನೋಡೋಣ. 2022ರ ಜೂನ್ 29ರಂದು ಕೇಂದ್ರ ಸಂಪುಟ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಒಂದೇ ರೀತಿಯ ಸಾಫ್ಟ್‌ವೇರ್‌ಗೆ ತರೋದು, ಅದಕ್ಕೆ 2,516 ಕೋಟಿ ರೂಪಾಯಿ. ರಾಷ್ಟ್ರಮಟ್ಟದಲ್ಲಿ ನಬಾರ್ಡ್ ನೋಡಿಕೊಳ್ಳುತ್ತೆ. ಹಳ್ಳಿ ಸೊಸೈಟಿ ಅಂತ ನಾವು ಕರೀತೀವಲ್ಲ, ಬೆಳೆ ಸಾಲ, ಗೊಬ್ಬರ, ಷೇರು ಹಣ, ಎಲ್ಲ ಲೆಕ್ಕ ಇರೋ ಆಫೀಸು, ಅದೇ ಇದು. ಹಳೇ ಲೆಕ್ಕವನ್ನು ಹೊಸ ಸಾಫ್ಟ್‌ವೇರ್‌ಗೆ ಹಾಕೋದೂ ಈ ಯೋಜನೆಯ ಭಾಗವೇ.

ಈಗ ಒಂದು ಲೆಕ್ಕಕ್ಕೆ, ಚಾಮರಾಜನಗರ–ಗುಂಡ್ಲುಪೇಟೆ ಕಡೆಯ ಉಡಿಗಾಲದಂಥ ಊರಲ್ಲಿ ಒಂದು ಸೊಸೈಟಿ ಇದೆ ಅಂದುಕೊಳ್ಳಿ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡದ್ದು. 1,200 ಸದಸ್ಯರು, ಅದರಲ್ಲಿ 700 ಬೆಳೆ ಸಾಲದ ಖಾತೆ ಚಾಲ್ತಿಯಲ್ಲಿವೆ. ಅರಿಶಿನ, ಕಬ್ಬು, ಸೂರ್ಯಕಾಂತಿ ಬೆಳೆಯೋರು. ಒಂದು ಹಳೇ ಲೋಕಲ್ ಸಾಫ್ಟ್‌ವೇರ್ ಇದೆ, ಪಕ್ಕದಲ್ಲಿ ಲೆಡ್ಜರ್ ಪುಸ್ತಕಗಳೂ ಇವೆ. ಆಫೀಸಲ್ಲಿ ಕಾರ್ಯದರ್ಶಿ ಒಬ್ಬರು, ಗುಮಾಸ್ತರು ಒಬ್ಬರು. ಹೊಸ ಸಾಫ್ಟ್‌ವೇರ್‌ಗೆ ಡೇಟಾ ಹಾಕೋಕೆ ಹೊರಗಿನ ಏಜೆನ್ಸಿಯ ಆಪರೇಟರ್ ಬರ್ತಾರೆ. ಇದಕ್ಕೆ ಒಂದು ರಿಜಿಸ್ಟರ್ ಬರೆಯೋಣ.

ಟ್ಯಾಲಿ ಆದರೂ ತಪ್ಪಿರಬಹುದು

ಇಂಥ ಕಡೆ ಎಲ್ಲರೂ ಹೆದರೋದು ಲೆಕ್ಕ ಟ್ಯಾಲಿ ಆಗದೇ ಇದ್ದರೆ ಅಂತ. ಹಳೇ ಟ್ರಯಲ್ ಬ್ಯಾಲೆನ್ಸ್ ಒಂದು ಮೊತ್ತ, ಹೊಸದು ಇನ್ನೊಂದು. ಆದರೆ ಈ ರಿಸ್ಕ್ ತಾನೇ ಕೂಗಿ ಹೇಳುತ್ತೆ. ವ್ಯತ್ಯಾಸ ಕಣ್ಣಿಗೆ ಬೀಳುತ್ತೆ, ಆಡಿಟರ್ ಸಹಿ ಹಾಕಲ್ಲ, ಕೆಲಸ ಅಲ್ಲೇ ನಿಲ್ಲುತ್ತೆ. ಹುಷಾರಾಗಿರಬೇಕಾದದ್ದು ಒಟ್ಟು ಮೊತ್ತ ಸರಿ ಇದ್ದೂ ಒಳಗೆ ತಪ್ಪಾಗಿರೋ ಎರಡು ಜಾಗಗಳಲ್ಲಿ.

ಮೊದಲನೆಯದು ಹೆಸರು. ಮಲೆ ಮಹದೇಶ್ವರನ ಸೀಮೆ ಇದು. ಒಂದೇ ಊರಲ್ಲಿ ಮಹದೇವಸ್ವಾಮಿ ಎಷ್ಟು ಜನ ಇರ್ತಾರೆ ಅಂತ ಆ ಕಡೆಯವರಿಗೆ ಕೇಳಿ. ಅವರಲ್ಲಿ ಇಬ್ಬರ ತಂದೆಯ ಹೆಸರೂ ಮಾದಪ್ಪ ಆಗಿರಬಹುದು. ಲೆಡ್ಜರ್‌ನಲ್ಲಿ ಕಾರ್ಯದರ್ಶಿ ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಮೇಗಲ ಬೀದಿ" ಅಂತ ಬರೆದುಕೊಂಡಿರ್ತಾರೆ. ಆ ಪೆನ್ಸಿಲ್ ಬರಹಕ್ಕೆ ಹೊಸ ಸಾಫ್ಟ್‌ವೇರ್‌ನಲ್ಲಿ ಕಾಲಂ ಇಲ್ಲ. ಜೊತೆಗೆ ಹಳೇ ಫೈಲು ಯೂನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟಿನಲ್ಲಿದ್ದರೆ ಇನ್ನೊಂದು ತೊಂದರೆ. ಆ ಫೈಲಿನಲ್ಲಿ ನಿಜಕ್ಕೂ ಇರೋದು ಇಂಗ್ಲಿಷ್ ಅಕ್ಷರಗಳ ಕೋಡ್, ಫಾಂಟು ಮಾತ್ರ ಅದನ್ನ ಕನ್ನಡವಾಗಿ ತೋರಿಸುತ್ತೆ. ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಒಂದಿಷ್ಟು ಕಳೆದುಹೋಗಬಹುದು. ಇಬ್ಬರು ಮಹದೇವಸ್ವಾಮಿಗಳ ಸಾಲ ಅದಲು ಬದಲಾದರೆ ಒಟ್ಟು ಮೊತ್ತದಲ್ಲಿ ಒಂದು ಪೈಸೆ ವ್ಯತ್ಯಾಸ ಬರಲ್ಲ. ಟ್ರಯಲ್ ಬ್ಯಾಲೆನ್ಸ್ ಸರಿಯಾಗೇ ಕೂತುಕೊಳ್ಳುತ್ತೆ.

ಎರಡನೆಯದು ತಾರೀಖು. ಇದು ನನಗೆ ಇನ್ನೂ ದೊಡ್ಡದು ಅನಿಸುತ್ತೆ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆ ಸಾಲಕ್ಕೆ ಶೂನ್ಯ ಬಡ್ಡಿ ಇದೆ. 2023ರ ಬಜೆಟ್‌ನಲ್ಲಿ ಆ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಶೂನ್ಯ ಬಡ್ಡಿ ಸಿಗೋದು ವಾಯಿದೆಯೊಳಗೆ ಕಟ್ಟಿದವರಿಗೆ. ವಾಯಿದೆ ದಾಟಿದರೆ ಬಡ್ಡಿ ಬೀಳುತ್ತೆ. ಅಂದರೆ ವಾಯಿದೆ ತಾರೀಖಿನ ಕಾಲಂ ಒಂದು ರೀತಿಯಲ್ಲಿ ದುಡ್ಡಿನ ಕಾಲಮ್ಮೇ.

ಈಗ ಹಳೇ ಫೈಲಿನಲ್ಲಿ 10-03-2026 ಅಂತ ಇದೆ. ನಮಗೆ ಅದು ಮಾರ್ಚ್ 10. ಇಂಪೋರ್ಟ್ ಮಾಡೋ ಟೂಲ್ ತಿಂಗಳು ಮೊದಲು ಅಂತ ಸೆಟ್ ಆಗಿದ್ದರೆ ಅದಕ್ಕೆ ಅಕ್ಟೋಬರ್ 3. ತಾರೀಖು 25-03 ಆಗಿದ್ದರೆ ಪರವಾಗಿಲ್ಲ, ಇಪ್ಪತ್ತೈದನೇ ತಿಂಗಳು ಅನ್ನೋದು ಇಲ್ಲ, ಟೂಲ್ ಎರರ್ ಕೊಡುತ್ತೆ. ತೊಂದರೆ ಇರೋದು 1ರಿಂದ 12ರವರೆಗಿನ ದಿನಗಳಲ್ಲಿ. ಹನ್ನೆರಡು ತಿಂಗಳು, ಪ್ರತಿ ತಿಂಗಳು ಇಂಥ ಹನ್ನೆರಡು ದಿನ, ಒಟ್ಟು 144. ಅದರಲ್ಲಿ 05-05 ತರಹ ತಿರುಗಿಸಿದರೂ ಒಂದೇ ಆಗೋ 12 ಬಿಡಿ. ಉಳಿದದ್ದು 132. ವರ್ಷದ 365 ದಿನದಲ್ಲಿ 132 ದಿನ, ಅಂದರೆ ಶೇಕಡಾ 36ರಷ್ಟು ತಾರೀಖುಗಳು ಸದ್ದಿಲ್ಲದೆ ಬೇರೆ ದಿನವಾಗಬಹುದು.

ಈ ತಪ್ಪು ಎರಡು ಕಡೆಗೂ ಆಗುತ್ತೆ. ಆಗಸ್ಟ್ 5 ಹೋಗಿ ಮೇ 8 ಆದರೆ ರೈತ ಮೂರು ತಿಂಗಳು ಮುಂಚೆಯೇ ಸುಸ್ತಿದಾರ. ಅವನು ಬಂದು "ಇನ್ನೂ ಟೈಮ್ ಐತಲ್ಲ ಸ್ವಾಮಿ" ಅಂತ ಜಗಳ ಮಾಡ್ತಾನೆ, ತಪ್ಪು ಹೊರಗೆ ಬರುತ್ತೆ. ಆದರೆ ಮಾರ್ಚ್ 10 ಹೋಗಿ ಅಕ್ಟೋಬರ್ 3 ಆದವನು ಜಗಳಕ್ಕೆ ಬರಲ್ಲ. ಕಂಪ್ಯೂಟರ್ ಚೀಟಿಯಲ್ಲಿ ಅಕ್ಟೋಬರ್ ಇದೆ, ಅರಿಶಿನ ಮಾರಿ ನಿಧಾನಕ್ಕೆ ಕಟ್ಟಿದರಾಯಿತು ಅಂತ ಸುಮ್ಮನಿರ್ತಾನೆ. ಅಷ್ಟು ಹೊತ್ತಿಗೆ ಅಸಲಿ ವಾಯಿದೆ ದಾಟಿ ಶೂನ್ಯ ಬಡ್ಡಿ ಹೋಗಿರುತ್ತೆ. ಗ್ರಾಹಕನಿಗೆ ಅನುಕೂಲ ಅನ್ನೋ ಹಾಗೆ ಕಾಣೋ ತಪ್ಪಿನ ಬಗ್ಗೆ ಯಾರೂ ದೂರು ಕೊಡಲ್ಲ. ಅದಕ್ಕೇ ಅದು ಜಾಸ್ತಿ ದಿನ ಬದುಕಿರುತ್ತೆ.

ಮೀಡಿಯಂ ಅಂದರೆ ಎಷ್ಟು?

ಈಗ ಪ್ರಾಬಬಿಲಿಟಿ ಕಾಲಂ. "ಹೆಸರು ಅದಲು ಬದಲಾಗುವ ಸಾಧ್ಯತೆ: ಮೀಡಿಯಂ" ಅಂತ ಬರೆಯೋದು ಊಹೆ. ಅದರ ಬದಲು ಒಂದು ದಿನ ಕೂತು ಸ್ಯಾಂಪಲ್ ನೋಡಬಹುದು. 700 ಖಾತೆಗಳಲ್ಲಿ 60 ಆರಿಸಿ. ಪುಸ್ತಕದ ಮೊದಲ 60 ಅಲ್ಲ, ಚೀಟಿ ಎತ್ತಿದ ಹಾಗೆ ಎಲ್ಲೆಲ್ಲಿಂದಲೋ. ಟೆಸ್ಟ್ ಇಂಪೋರ್ಟ್ ಆದ ಡೇಟಾವನ್ನು ಲೆಡ್ಜರ್ ಜೊತೆ ಹೋಲಿಸಿ. ಮೂರು ತಪ್ಪು ಸಿಕ್ಕರೆ ಶೇಕಡಾ 5, ಅಂದರೆ 700ರಲ್ಲಿ ಸುಮಾರು 35.

ಒಂದೂ ತಪ್ಪು ಸಿಗದಿದ್ದರೆ? ಆಗ ಪ್ರಾಬಬಿಲಿಟಿ ಸೊನ್ನೆ ಅಂತ ಬರೆಯೋ ಹಾಗಿಲ್ಲ. ಸ್ಟಾಟಿಸ್ಟಿಕ್ಸ್‌ನಲ್ಲಿ ಇದಕ್ಕೆ ಒಂದು ಸುಲಭದ ನಿಯಮ ಇದೆ. n ನೋಡಿ ಒಂದೂ ತಪ್ಪು ಸಿಗದಿದ್ದರೆ, ಶೇಕಡಾ 95 ನಂಬಿಕೆಯಲ್ಲಿ ಹೇಳಬಹುದಾದ ಗರಿಷ್ಠ ತಪ್ಪಿನ ಪ್ರಮಾಣ ಸುಮಾರು 3/n. ಇಲ್ಲಿ 3/60, ಮತ್ತೆ ಶೇಕಡಾ 5. ಒಂದೂ ತಪ್ಪಿಲ್ಲದ ಸ್ಯಾಂಪಲ್ ಕೈಯಲ್ಲಿದ್ದರೂ ಒಳಗೆ 35 ಖಾತೆ ಕೆಟ್ಟಿರೋಕೆ ಸಾಧ್ಯ ಇದೆ. ಶೇಕಡಾ 1ಕ್ಕಿಂತ ಕಡಿಮೆ ಅಂತ ಹೇಳಬೇಕಾದರೆ 300 ಖಾತೆ ನೋಡಬೇಕು, ಆ 300ರಲ್ಲೂ ಒಂದೂ ತಪ್ಪು ಇರಬಾರದು.

ಇಲ್ಲಿಗೆ ಬಂದಾಗ ಲೆಕ್ಕ ಬೇರೆಯಾಗುತ್ತೆ. 300 ನೋಡೋದಾದರೆ 700 ಯಾಕೆ ನೋಡಬಾರದು? ಒಬ್ಬರು ಲೆಡ್ಜರ್ ಓದಿ ಇನ್ನೊಬ್ಬರು ಸ್ಕ್ರೀನ್ ನೋಡಿದರೆ ಒಂದು ಖಾತೆಗೆ 3 ನಿಮಿಷ ಹಿಡಿಯಿತು ಅಂದುಕೊಳ್ಳಿ. 2,100 ನಿಮಿಷ, 35 ಗಂಟೆ. ಎರಡು ಜೋಡಿ ಕೂತರೆ ಮೂರು ದಿನದ ಕೆಲಸ. ಪ್ರಾಬಬಿಲಿಟಿಯನ್ನು ನಿಜವಾಗಿ ಅಳೆಯೋಕೆ ಹೋದಾಗಲೇ ರೆಸ್ಪಾನ್ಸ್ ಏನು ಅಂತ ಗೊತ್ತಾಯಿತು ನೋಡಿ. "ಮೀಡಿಯಂ" ಅಂತ ಬರೆದಿದ್ದರೆ ಇದು ಹೊಳೀತಿರಲಿಲ್ಲ.

ಇಂಪ್ಯಾಕ್ಟ್ ಕಾಲಂನಲ್ಲೂ ಇದೇ ಕಥೆ. ನಮಗೆ ಕಲಿಸೋ 5×5 ಮ್ಯಾಟ್ರಿಕ್ಸ್‌ನಲ್ಲಿ ಕರೆಂಟ್ ಹೋಗೋದಕ್ಕೆ ಪ್ರಾಬಬಿಲಿಟಿ 5, ಇಂಪ್ಯಾಕ್ಟ್ 2, ಸ್ಕೋರ್ 10. ತಾರೀಖು ತಿರುಗೋದಕ್ಕೆ ಪ್ರಾಬಬಿಲಿಟಿ 2, ಇಂಪ್ಯಾಕ್ಟ್ 5, ಸ್ಕೋರ್ ಮತ್ತೆ 10. ಎರಡಕ್ಕೂ ಒಂದೇ ಹಳದಿ ಬಣ್ಣ. ಆದರೆ ಕರೆಂಟ್ ಹೋದರೆ ಇಡೀ ಆಫೀಸಿಗೆ ತಕ್ಷಣ ಗೊತ್ತು, ಬಂದ ಮೇಲೆ ಸರಿಹೋಗುತ್ತೆ. ತಾರೀಖು ತಿರುಗಿದ್ದು ಏಳು ತಿಂಗಳು ಗೊತ್ತೇ ಆಗಲ್ಲ. ಮೆಕ್ಯಾನಿಕಲ್‌ನವರು ಎಫ್‌ಎಂಇಎ ಮಾಡುವಾಗ ತೀವ್ರತೆ, ಎಷ್ಟು ಸಲ ಅನ್ನೋದರ ಜೊತೆ ಮೂರನೇ ಅಂಕಿ ಒಂದು ಹಾಕ್ತಾರೆ: ಡಿಟೆಕ್ಷನ್, ಅಂದರೆ ಹಾನಿ ಆಗೋ ಮುಂಚೆ ಕಣ್ಣಿಗೆ ಬೀಳೋದು ಎಷ್ಟು ಕಷ್ಟ ಅಂತ. ಸಾಫ್ಟ್‌ವೇರ್‌ನವರು ಅದನ್ನ ಕಡ ತಗೊಳ್ಳಬೇಕು ಅನ್ನೋದು ನನ್ನ ಅಭಿಪ್ರಾಯ. ರಿಜಿಸ್ಟರ್‌ನಲ್ಲಿ "ಹೇಗೆ ಗೊತ್ತಾಗುತ್ತೆ" ಅಂತ ಒಂದು ಕಾಲಂ ಇರಲಿ.

ತಾರೀಖಿಗೆ ಆ ಕಾಲಂನಲ್ಲಿ ಬರೆಯೋದು ಸುಲಭ. ಹಳೇ ಡೇಟಾದಲ್ಲಿ ಯಾವ ತಿಂಗಳಿಗೆ ಎಷ್ಟು ಸಾಲದ ವಾಯಿದೆ ಇದೆ ಅಂತ ಲೆಡ್ಜರ್‌ನಿಂದ ಎಣಿಸಿಟ್ಟುಕೊಳ್ಳಿ. ಹೊಸದರಲ್ಲಿ ಇದನ್ನ ಓಡಿಸಿ:

```sql
SELECT MONTH(due_date), COUNT(*), SUM(balance)
FROM loans
GROUP BY MONTH(due_date);
```

ಹಳೇದರಲ್ಲಿ ಮಾರ್ಚ್‌ಗೆ 310 ಸಾಲ ಇದ್ದು ಹೊಸದರಲ್ಲಿ 205 ಬಂದರೆ, ಒಟ್ಟು ಮೊತ್ತ ಎಷ್ಟೇ ಚೆನ್ನಾಗಿ ಟ್ಯಾಲಿ ಆಗಲಿ, ಅಲ್ಲೇ ನಿಲ್ಲಿಸಬೇಕು. ಹೆಸರಿಗೆ ಇಂಥ ಶಾರ್ಟ್‌ಕಟ್ ಇಲ್ಲ. ಅಲ್ಲಿ ಹೆಸರನ್ನು ನಂಬದೆ ಸದಸ್ಯತ್ವ ಸಂಖ್ಯೆಯನ್ನೋ, ರಾಜ್ಯದ ಫ್ರೂಟ್ಸ್ ವ್ಯವಸ್ಥೆಯ ರೈತ ಗುರುತಿನ ಸಂಖ್ಯೆಯನ್ನೋ ಹಿಡಿದು ಹೊಂದಿಸಬೇಕು. ಆ ಸಂಖ್ಯೆ ಸಿಗದವರ ಪಟ್ಟಿ ಬೇರೆ ಮಾಡಿ ಒಬ್ಬೊಬ್ಬರನ್ನೇ ಕರೆಸಿ ಕೇಳಬೇಕು.

ಯಾರ ಹೆಸರು ಬರೆಯೋದು?

ಈಗ ಅಸಲಿ ಜಗಳದ ಕಾಲಂ. ತಾರೀಖಿನ ರಿಸ್ಕ್‌ಗೆ ಓನರ್ ಯಾರು? ಆಪರೇಟರ್ ಅಂತ ಬರೆಯೋದು ಸುಲಭ, ಇಂಪೋರ್ಟ್ ಮಾಡೋದು ಅವರೇ ತಾನೇ. ಆದರೆ ಆಪರೇಟರ್‌ಗೆ ದಿನಕ್ಕೆ ಇಷ್ಟು ಖಾತೆ ಮುಗಿಸು ಅನ್ನೋ ಟಾರ್ಗೆಟ್ ಇರುತ್ತೆ. ತಪ್ಪು ಕಂಡರೂ "ಇವತ್ತು ನಿಲ್ಲಿಸೋಣ" ಅನ್ನೋ ಅಧಿಕಾರ ಇರಲ್ಲ. ಅವರು ಕೆಲಸ ಮಾಡೋರು, ರಿಸ್ಕ್‌ನ ಓನರ್ ಅಲ್ಲ. ನನ್ನ ಅಳತೆ ಇಷ್ಟೇ: ಗುರುತು ಕಂಡ ದಿನ ಮೈಗ್ರೇಷನ್ ನಿಲ್ಲಿಸೋ ಅಧಿಕಾರ ಯಾರಿಗಿದೆಯೋ ಅವರೇ ಓನರ್. ಇಲ್ಲಿ ಅದು ಕಾರ್ಯದರ್ಶಿ, ಯಾಕಂದರೆ ಡೇಟಾ ಸರಿ ಇದೆ ಅಂತ ಸಹಿ ಹಾಕಬೇಕಾದವರು ಅವರು. ಸಹಿ ಹಾಕಲ್ಲ ಅಂತ ಹೇಳೋಕೂ ಅವರಿಗೆ ಆಗಬೇಕು.

"ಏಜೆನ್ಸಿಗೆ ಕೊಟ್ಟಿದ್ದೀವಿ, ಅವರೇ ನೋಡ್ಕೋತಾರೆ" ಅನ್ನೋದು ರೆಸ್ಪಾನ್ಸ್ ಆಗುತ್ತಾ? ಪುಸ್ತಕದಲ್ಲಿ ರಿಸ್ಕನ್ನು ವರ್ಗಾಯಿಸೋದು ಅಂತ ಒಂದು ವಿಧಾನ ಇದೆ, ಅದನ್ನೇ ಹೀಗೆ ಓದಿಕೊಳ್ಳೋರು ತುಂಬ ಜನ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ತನ್ನ 52 ಲಕ್ಷ ಗ್ರಾಹಕರನ್ನು ಹೊಸ ಸಿಸ್ಟಮ್‌ಗೆ ಬದಲಾಯಿಸಿತು. ಡೇಟಾ ಸರಿಯಾಗೇ ಹೋಯಿತು, ಹೊಸ ಪ್ಲಾಟ್‌ಫಾರ್ಮ್ ಮಾತ್ರ ಕೈಕೊಟ್ಟಿತು. ಜನಕ್ಕೆ ತಮ್ಮ ಖಾತೆಗೇ ಹೋಗೋಕೆ ಆಗಲಿಲ್ಲ, ಪೂರ್ತಿ ಸರಿಹೋಗೋಕೆ ಡಿಸೆಂಬರ್ ಬಂತು. ಸಿಸ್ಟಮ್ ಕಟ್ಟಿದ್ದು ಮಾತೃ ಸಂಸ್ಥೆಯದೇ ಒಂದು ಕಂಪನಿ. 2022ರ ಡಿಸೆಂಬರ್‌ನಲ್ಲಿ ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಬಿತ್ತು. ಮರುವರ್ಷ ಅದರ ಆಗಿನ ಮುಖ್ಯ ಮಾಹಿತಿ ಅಧಿಕಾರಿಗೆ ವೈಯಕ್ತಿಕವಾಗಿ 81,620 ಪೌಂಡ್ ದಂಡ ಹಾಕಿದರು. ಕಾರಣ, ಹೊರಗೆ ಕೊಟ್ಟ ಕೆಲಸವನ್ನು ಸರಿಯಾಗಿ ನಿಗಾ ಮಾಡಿಸಲಿಲ್ಲ ಅನ್ನೋದು. ಕೆಲಸ ಹೊರಗೆ ಕೊಡಬಹುದು, ದುಡ್ಡಿನ ನಷ್ಟವನ್ನೂ ಕರಾರಿನಲ್ಲಿ ಹೊರಗೆ ದಾಟಿಸಬಹುದು. ಓನರ್ ಕಾಲಂ ಮಾತ್ರ ಮನೆಯಲ್ಲೇ ಉಳಿಯುತ್ತೆ.

ನಮ್ಮ ರಾಜ್ಯದ್ದೇ ಒಳ್ಳೆ ಉದಾಹರಣೆಯೂ ಇದೆ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಹಾಕಿದರು. ಅದಕ್ಕೂ ಮುಂಚೆ, ತೊಂಬತ್ತರ ದಶಕದಲ್ಲಿ ನಡೆದ ಪ್ರಯತ್ನಗಳು ಸೋತದ್ದಕ್ಕೆ ಒಂದು ಕಾರಣ, ಡೇಟಾ ಎಂಟ್ರಿ ಆದ ಮೇಲೂ ಹಳ್ಳಿಯಲ್ಲಿ ಖಾತೆ ಬದಲಾವಣೆ ಕೈಬರಹದಲ್ಲೇ ನಡೀತಾ ಇತ್ತು. ಕಂಪ್ಯೂಟರಲ್ಲಿದ್ದದ್ದು ಹಳಸಿಹೋಯಿತು. ಭೂಮಿಯಲ್ಲಿ ಎಂಟ್ರಿ ಆದ ಪ್ರಿಂಟ್ ತೆಗೆದು ಗ್ರಾಮ ಲೆಕ್ಕಿಗರಿಂದ ಪರಿಶೀಲನೆ ಮಾಡಿಸಿದರು. ಸಿಸ್ಟಮ್ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ತೆಗೆದರು. ಬದಲಾವಣೆ ಮಾಡೋ ಅಧಿಕಾರಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು, ಆಮೇಲೆ "ನಾನಲ್ಲ" ಅನ್ನೋ ಹಾಗಿರಲಿಲ್ಲ. ಓನರ್ ಕಾಲಮ್ಮನ್ನು ಸಾಫ್ಟ್‌ವೇರ್ ಒಳಗೇ ಕೂರಿಸಿದ ಹಾಗೆ ಇದು.

ನಮ್ಮ ಸೊಸೈಟಿಗೂ ಆ ಹಳಸುವ ರಿಸ್ಕ್ ಇದೆ. ಏಪ್ರಿಲ್ 10ರಂದು ಎಂಟ್ರಿ ಆದ ಖಾತೆಗೆ ರೈತ 12ರಂದು ದುಡ್ಡು ಕಟ್ಟಿದ, ಹೊಸ ಸಿಸ್ಟಮ್ ಮೇ 1ಕ್ಕೆ ಶುರುವಾಯಿತು ಅಂದುಕೊಳ್ಳಿ. 12ರ ರಸೀತಿ ಹಳೇ ಪುಸ್ತಕದಲ್ಲಿ ಮಾತ್ರ ಇದೆ. ರೆಸ್ಪಾನ್ಸ್ ಸರಳ: ಎಂಟ್ರಿ ಶುರುವಾದ ದಿನದಿಂದ ಬಂದ ಪ್ರತಿ ರಸೀತಿಗೂ ಬೇರೆ ಪುಸ್ತಕ, ಕೊನೆಯ ದಿನ ಅದಷ್ಟನ್ನೂ ಹೊಸದಕ್ಕೆ ಹಾಕೋದು. ತಪ್ಪಿದರೆ ಟ್ರಯಲ್ ಬ್ಯಾಲೆನ್ಸ್ ಹಿಡಿದುಕೊಡುತ್ತೆ. ಅದಕ್ಕೇ ಇದನ್ನ ಮೂರನೇ ಸಾಲಿಗೆ ಇಟ್ಟೆ. ಓನರ್, ಗುಮಾಸ್ತರು.

ಓನರ್ ಅಂತ ಒಬ್ಬರ ಹೆಸರು ಬರೆಯೋದು ಅಂದರೆ ನಾಳೆ ಬೈಯೋಕೆ ಇವತ್ತೇ ಆಳು ಹುಡುಕಿಟ್ಟ ಹಾಗಲ್ವಾ ಅಂತ ಯಾರಾದರೂ ಕೇಳಬಹುದು. ಈ ಆಕ್ಷೇಪ ಹುರುಳಿಲ್ಲದ್ದಲ್ಲ. ಸೊಸೈಟಿ ಕಾರ್ಯದರ್ಶಿಯ ತಲೆ ಮೇಲೆ ಈಗಾಗಲೇ ಗೊಬ್ಬರ, ಸಾಲ, ಆಡಿಟ್, ಮೀಟಿಂಗ್ ಎಲ್ಲ ಇದೆ. ಹತ್ತು ಸಾಲಿನಲ್ಲಿ ಎಂಟಕ್ಕೆ ಅವರದೇ ಹೆಸರಿದ್ದರೆ ಅದೇ ಇನ್ನೊಂದು ರಿಸ್ಕ್, ಅದನ್ನೂ ರಿಜಿಸ್ಟರ್‌ನಲ್ಲಿ ಬರೆಯಬೇಕು. ಅದಕ್ಕೆ ಓನರ್ ಸೊಸೈಟಿಯ ಆಡಳಿತ ಮಂಡಳಿ ಅಧ್ಯಕ್ಷರು, ರೆಸ್ಪಾನ್ಸ್ ಪರಿಶೀಲನೆಯ ಮೂರು ದಿನ ಕೌಂಟರ್ ಮುಚ್ಚಿ ಇನ್ನಿಬ್ಬರನ್ನು ಕೊಡೋದು. ಮಾರ್ಚ್ ಕೊನೆಯಲ್ಲಿ ಸಾಲ ಕಟ್ಟೋರ ಸಾಲು ನಿಂತಿರುವಾಗ ಆ ಮೂರು ದಿನ ಸಿಗಲ್ಲ. ಹಾಗಾಗಿ ತಾರೀಖನ್ನು ಈಗಲೇ ಗೊತ್ತು ಮಾಡಬೇಕು. ಹೆಸರಿನ ಜೊತೆ ಸಮಯ, ಅಧಿಕಾರ ಕೊಡದಿದ್ದರೆ ಅದು ನಿಜಕ್ಕೂ ಬೈಯೋಕೆ ಮಾಡಿದ ವ್ಯವಸ್ಥೆಯೇ. "ಟೀಮ್" ಅಂತ ಬರೆದರೆ ಬೈಗುಳ ತಪ್ಪುತ್ತೆ ನಿಜ, ಆದರೆ ರೈತನ ಬಡ್ಡಿ ತಪ್ಪಲ್ಲ.

ಎಲ್ಲ ಸೇರಿಸಿದರೆ ತಾರೀಖಿನ ಸಾಲು ಹೀಗಿರುತ್ತೆ:

- ರಿಸ್ಕ್: ಇಂಪೋರ್ಟ್ ಮಾಡುವಾಗ ದಿನ ಮತ್ತು ತಿಂಗಳು ಅದಲು ಬದಲಾಗಿ ವಾಯಿದೆ ತಪ್ಪಾಗಿ ಬೀಳಬಹುದು.
- ಪ್ರಾಬಬಿಲಿಟಿ: 60 ಖಾತೆಯ ಸ್ಯಾಂಪಲ್‌ನಲ್ಲಿ ತಪ್ಪು ಇಲ್ಲ, ಆದರೂ ಶೇಕಡಾ 5ರವರೆಗೆ ಇರಬಹುದು.
- ಇಂಪ್ಯಾಕ್ಟ್: ಪ್ರತಿ ತಪ್ಪಿಗೆ ಒಬ್ಬ ರೈತನ ಶೂನ್ಯ ಬಡ್ಡಿ. ಅಂದಾಜು 35 ಮನೆಗಳವರೆಗೆ.
- ಹೇಗೆ ಗೊತ್ತಾಗುತ್ತೆ: ತಿಂಗಳವಾರು ಸಾಲದ ಎಣಿಕೆ ಹಳೇದಕ್ಕೂ ಹೊಸದಕ್ಕೂ ಹೊಂದಲ್ಲ.
- ಓನರ್: ಕಾರ್ಯದರ್ಶಿ. ಕೆಲಸ ಮಾಡೋರು: ಆಪರೇಟರ್ ಮತ್ತು ಗುಮಾಸ್ತರು.
- ರೆಸ್ಪಾನ್ಸ್: ತಾರೀಖನ್ನು 2026-03-10 ರೂಪದಲ್ಲಿ ಮಾತ್ರ ಇಂಪೋರ್ಟ್ ಮಾಡೋದು. 700 ಖಾತೆಯನ್ನೂ ಲೆಡ್ಜರ್ ಜೊತೆ ನೋಡೋದು. ಒಂದು ತಿಂಗಳ ಎಣಿಕೆ ತಪ್ಪಿದರೂ ಸಹಿ ಇಲ್ಲ, ಹಳೇ ಲೆಡ್ಜರ್‌ನಲ್ಲೇ ಕೆಲಸ ಮುಂದುವರಿಯುತ್ತೆ.

ಇಂಥ ನಾಲ್ಕು ಸಾಲು ಇರೋ ರಿಜಿಸ್ಟರ್, ಬಣ್ಣ ಬಳಿದ ನಲವತ್ತು ಸಾಲಿಗಿಂತ ಮೇಲು. ವಾರಕ್ಕೊಮ್ಮೆ ಕೂತು ಪ್ರತಿ ಓನರ್‌ಗೆ ಒಂದೇ ಪ್ರಶ್ನೆ ಕೇಳಿದರೆ ಸಾಕು: ಗುರುತು ಕಂಡಿತಾ, ಇಲ್ವಾ?

ಈ ಸೆಮಿಸ್ಟರ್ ರಿಪೋರ್ಟ್ ಬರೆಯೋರು ಒಂದು ಕೆಲಸ ಮಾಡಿ. ಹಳೇ ಟೇಬಲ್ ಕಾಪಿ ಮಾಡಿದ ಮೇಲೆ ಓನರ್ ಕಾಲಂನಿಂದ "ಟೀಮ್" ಅಳಿಸಿ, ನಿಮ್ಮ ನಾಲ್ವರಲ್ಲಿ ಒಬ್ಬರ ಹೆಸರು ಬರೆದು, ಅವರಿಗೇ ಓದೋಕೆ ಕೊಡಿ. "ಇದು ನನ್ನ ಕೈಲಿ ಹೇಗಾಗುತ್ತೆ?" ಅಂತ ಅವರು ಕೇಳ್ತಾರೆ. ರಿಜಿಸ್ಟರ್ ಬರೆಯೋ ಕೆಲಸ ಶುರುವಾಗೋದು ಆ ಪ್ರಶ್ನೆಯಿಂದ.